ಪಟದಡಿಯ ಎರಡು ಸಾಲು

ಚಂದ್ರಯ್ಯ ಮೇಷ್ಟ್ರು ನಿವೃತ್ತರಾಗಿ ಇಪ್ಪತ್ತೈದು ವರ್ಷ ಕಳೆದಿದ್ದವು. ಆದರೆ ಅವರ ಅಂಗಿಯ ಜೇಬಿನಲ್ಲಿದ್ದ ಕೆಂಪು ಪೆನ್ಸಿಲು ಇನ್ನೂ ನಿವೃತ್ತಿ ಪಡೆದಿರಲಿಲ್ಲ. ಚನ್ನರಾಯಪಟ್ಟಣದ ತಮ್ಮ ಮನೆಗೆ ಬಂದ ಮದುವೆಯ ಕರೆಯೋಲೆಗಳನ್ನೂ ಪುರಸಭೆಯ ನೋಟೀಸುಗಳನ್ನೂ ಅವರು ಪೆನ್ಸಿಲು ಹಿಡಿದೇ ಓದುತ್ತಿದ್ದರು. ಅರಕಲಗೂಡಿನಲ್ಲಿ ಹಲವು ಕಾಲ, ಹೊಳೆನರಸೀಪುರದ ಒಂದು ಶಾಲೆಯಲ್ಲಿ ಹೆಡ್‌ಮಾಸ್ಟರಾಗಿ ಹದಿನಾಲ್ಕು ವರ್ಷ, ಒಟ್ಟು ಮೂವತ್ತೈದು ವರ್ಷ ಅವರು ಮಕ್ಕಳ ಬರಹವನ್ನು ತಿದ್ದಿದ್ದರು. ಅಥವಾ, ಆ ಮಕ್ಕಳು ಹೇಳುತ್ತಿದ್ದಂತೆ, ಕೊಯ್ದಿದ್ದರು.

ಅವರಿಗಿದ್ದ ಸೂತ್ರಗಳು ಎರಡೇ. ಮೊದಲನೆಯದು, ಹೊಗಳಬಾರದು. "ಕಂಡದ್ದನ್ನು ಹೇಳು. ಗುಣವಿದ್ದರೆ ಅದು ತಾನೇ ಕಾಣಿಸಿಕೊಳ್ಳುತ್ತದೆ. ಕಾಣಿಸದಿದ್ದರೆ ನೀನು ಹೇಳಿ ಪ್ರಯೋಜನವಿಲ್ಲ" ಎನ್ನುತ್ತಿದ್ದರು. ಹೊಳೆನರಸೀಪುರದಲ್ಲಿ ಹುಡುಗನೊಬ್ಬ ಹೇಮಾವತಿಯನ್ನು ಪರಮಪಾವನೆ, ಮಂಜುಳನಾದಿನಿ, ಲೋಕಮಾತೆ ಎಂದೆಲ್ಲ ವರ್ಣಿಸಿ ತಂದಾಗ ಅವರ ಪೆನ್ಸಿಲು ಹರಿದು ಉಳಿದದ್ದು 'ನಮ್ಮ ಊರ ಪಕ್ಕದಲ್ಲಿ ಹೊಳೆ ಇದೆ' ಎಂಬಷ್ಟೇ. ಎರಡನೆಯ ಸೂತ್ರ, ತಿದ್ದಿದ ಹಾಳೆ ಬರೆದವನ ಸೊತ್ತು. ಅದನ್ನು ಬರೆದವನಿಗೆ ಹಿಂದಿರುಗಿಸಲೇಬೇಕು. ತನ್ನ ತಪ್ಪನ್ನು ನೋಡುವ ಹಕ್ಕು ಅವನಿಗಿದೆ. ಜ್ವರದಿಂದ ಮಲಗಿದ್ದ ಹುಡುಗನ ಮನೆಗೂ ಅವರು ನಡೆದುಹೋಗಿ ಹಾಳೆಯನ್ನು ಕೊಟ್ಟು ಬಂದದ್ದುಂಟು. ಹುಡುಗನ ಜ್ವರ ಅದರಿಂದ ಇಳಿಯಿತೆಂದು ಮಾತ್ರ ಯಾರೂ ಹೇಳಲಿಲ್ಲ.

ತಾರಣ ಸಂವತ್ಸರದ ಕಾರ್ತಿಕ ಶುದ್ಧ ಪಂಚಮಿಯಂದು ನುಗ್ಗೇಹಳ್ಳಿಯಲ್ಲಿ ಹುಟ್ಟಿದ ಈ ಮಹನೀಯರಿಗೆ ಕ್ರೋಧಿ ಸಂವತ್ಸರದ ಕಾರ್ತಿಕದಲ್ಲಿ, ಎಂದರೆ ೧೯೬೪ರ ನವೆಂಬರಿನಲ್ಲಿ, ಎಂಬತ್ತು ತುಂಬುವುದಿತ್ತು. ಮಗ ಬಸವರಾಜು ಊರಿನಲ್ಲಿ ಕೊಬ್ಬರಿ ವ್ಯಾಪಾರಿ. ಶಾಮಿಯಾನ ಹಾಕಿಸುವ ಮಾತೆತ್ತಿದ. ಮೇಷ್ಟ್ರು ಕೈ ಅಡ್ಡ ಮಾಡಿದರು. "ಎಂಬತ್ತು ವರ್ಷ ಉಸಿರಾಡಿದ್ದು ನನ್ನ ಸಾಧನೆಯಲ್ಲ, ಶಿವನ ಉದಾಸೀನ. ಅದಕ್ಕೇಕೆ ಶಾಮಿಯಾನ? ಅಂದು ಲಿಂಗಪೂಜೆಯಾಗಲಿ, ನಾಲ್ಕು ಜನ ಜಂಗಮರು ಊಟ ಮಾಡಲಿ, ಸಾಕು."

ಆದರೆ ಹೊಳೆನರಸೀಪುರದ ಹಳೆಯ ವಿದ್ಯಾರ್ಥಿಗಳು ಬಂದು, "ಸಾ, ಸ್ಕೂಲ್ ಹಾಲ್‌ನಲ್ಲಿ ನಿಮ್ಮ ಒಂದು ಪಟ ಹಾಕ್ತೀವಿ, ಬ್ಯಾಡ ಅನ್ನಬಾರದು" ಎಂದಾಗ ಅವರು ಬೇಡವೆನ್ನಲಿಲ್ಲ. "ಯಾವ ಗೋಡೆಗೆ?" ಎಂದು ಮಾತ್ರ ಕೇಳಿದರು.

ಈ ಪ್ರಶ್ನೆಗೆ ಕಾರಣವಿತ್ತು. ಆ ಹಾಲಿನ ಪೂರ್ವದ ಗೋಡೆಯ ಮೇಲೆ ಅವರಿಗಿಂತ ಹಿಂದಿನ ಹೆಡ್‌ಮಾಸ್ಟರ್ ಗುರುಶಾಂತಪ್ಪನವರ ಪಟ ತೂಗುತ್ತಿತ್ತು. ಗುರುಶಾಂತಪ್ಪನವರು ಮಧ್ಯಾಹ್ನದ ಎರಡು ಪೀರಿಯಡ್ಡುಗಳಲ್ಲಿ ಕುರ್ಚಿಯಲ್ಲೇ ನಿದ್ರಿಸುತ್ತಿದ್ದರೆಂಬುದನ್ನು ಇಡೀ ತಾಲ್ಲೂಕು ಬಲ್ಲದು. ಅವರ ಪಟದ ಅಡಿಬರಹ ಹೀಗಿತ್ತು: 'ವಿದ್ಯಾವಾರಿಧಿ, ಸದಾಚಾರಸಂಪನ್ನ, ಕರ್ತವ್ಯಧುರಂಧರ, ಛಾತ್ರಬಂಧು, ಸದಾಜಾಗೃತ ಶ್ರೀ ಗುರುಶಾಂತಪ್ಪನವರು.' ಬಿರುದುಗಳು ಐದು. ಹದಿನಾಲ್ಕು ವರ್ಷ ದಿನವೂ ಆ ಪಟದ ಕೆಳಗೆ ಪ್ರಾರ್ಥನೆಗೆ ನಿಂತಿದ್ದ ಚಂದ್ರಯ್ಯನವರಿಗೆ ಆ ಐದೂ ಕಂಠಪಾಠವಾಗಿದ್ದವು. 'ಸದಾಜಾಗೃತ' ಎಂಬ ಪದ ಕಣ್ಣಿಗೆ ಬಿದ್ದಾಗಲೆಲ್ಲ ಅವರ ಕೈ ಜೇಬಿಗೆ ಹೋಗುತ್ತಿತ್ತು. ಆದರೆ ಪಟಕ್ಕೆ ಗಾಜಿತ್ತು.

ಅವರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವರು ತಾವಾಗಿ ಎಂದೂ ಹೇಳಲಿಲ್ಲ. ತಮ್ಮ ಪಟದಡಿಯೂ ನಾಲ್ಕು ಒಳ್ಳೆಯ ಮಾತಿರಬೇಕೆಂದು ಅವರಿಗೆ ಆಸೆಯಾಗಿತ್ತು. ನಾಲ್ಕೆಂದರೆ ನಾಲ್ಕಲ್ಲ, ಆರು.

ಜುಲೈ ತಿಂಗಳಲ್ಲಿ ಹಾಸನದ ಸ್ಟುಡಿಯೋ ಒಂದರಲ್ಲಿ ಫೋಟೋ ತೆಗೆಸಿದ್ದಾಯಿತು. ಅಲ್ಲಿಯೇ ಪಟಗಳಿಗೆ ಅಡಿಬರಹ ಬರೆಯುವ ರಂಗಸ್ವಾಮಿ ಎಂಬಾತ ಕಪ್ಪು ರಟ್ಟನ್ನು ತೋರಿಸಿ ವಿವರಿಸಿದ: "ಪಟದ ಕೆಳಗೆ ಇಷ್ಟು ಜಾಗ ಸಾ. ಬಿಳೀ ಬಣ್ಣದಾಗೆ ಕುಂಚದಲ್ಲಿ ಬರೀತೀನಿ. ಎರಡು ಸಾಲು, ಸಾಲಿಗೆ ಇಪ್ಪತ್ತೆರಡು ಅಕ್ಷರ. ಒಟ್ಟು ನಲವತ್ನಾಲ್ಕು. ಅಂಕಿ ಬಂದ್ರೆ ಅದೂ ಲೆಕ್ಕಕ್ಕೆ. ಒತ್ತಕ್ಷರ ಕೆಳಗೆ ಇಳಿ ಬೀಳ್ತವಲ್ಲ, ಅದಕ್ಕೆ ಮೂರನೇ ಸಾಲು ಅಂತ ಕೇಳ್ಬೇಡಿ. ಒಂದರ ಕಾಲು ಇನ್ನೊಂದರ ತಲೆ ಮೇಲೆ ಕೂತ್ಕತ್ತದೆ. ನಾನು ಮೊದಲು ಎಣಿಸಿ, ಸಾಲಿನ ನಡುವಿನ ಅಕ್ಷರ ಯಾವುದು ಅಂತ ನೋಡಿ, ಅಲ್ಲಿಂದ ಎರಡೂ ಕಡೀಗೆ ಸೀಸದ ಕಡ್ಡೀಲಿ ಗುರುತು ಮಾಡ್ಕತ್ತೀನಿ. ಬಣ್ಣ ಹಚ್ಚಿದ ಮೇಲೆ ತಿದ್ದಾಕೆ ಆಗಾಕಿಲ್ಲ."

ತಿದ್ದಲಾಗದ ಬರಹ! ಮೇಷ್ಟ್ರಿಗೆ ರಂಗಸ್ವಾಮಿಯ ಮೇಲೆ ಆ ಕ್ಷಣವೇ ಗೌರವ ಹುಟ್ಟಿತು.

ಆ ಎರಡು ಸಾಲನ್ನು ಬರೆಯಬೇಕಾದವರು ಯಾರೆಂಬುದರಲ್ಲಿ ಅನುಮಾನವಿರಲಿಲ್ಲ. ಬಸವರಾಜುವಿನ ಮಗಳು ದಾಕ್ಷಾಯಣಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಗ್ರಂಥಾಲಯದ ಕೆಲಸವನ್ನು ಕಲಿಯುತ್ತಿದ್ದಳು. ಅಲ್ಲಿ ಅವಳನ್ನು ಹಾಕಿದ್ದು ಹಳೆಯ ಫೋಟೋಗಳ ವಿಭಾಗಕ್ಕೆ. ಒಂದೊಂದು ಚಿತ್ರಕ್ಕೂ ಯಾರು, ಎಲ್ಲಿ, ಯಾವಾಗ, ಏತಕ್ಕೆ ಎಂಬ ಅಡಿಬರಹವನ್ನು ಬರೆದು ಅಂಟಿಸುವುದೇ ಅವಳ ದಿನದ ಕೆಲಸ. ಒಂಬತ್ತನೆಯ ವಯಸ್ಸಿನಿಂದ ತಾತನ ಕೆಂಪು ಪೆನ್ಸಿಲಿನ ಕೆಳಗೆ ಬೆಳೆದ ಹುಡುಗಿ. ಅಂಥವಳು ತಾತನ ಎಂಬತ್ತಕ್ಕೆ ಬರೆದರೆ ಹೇಗಿದ್ದೀತು! ಮಡಿಸಿ ಅಂಟಿಸುವ ನೀಲಿ ಏರ್‌ಲೆಟರಿನೊಳಗೆ ಏನನ್ನೂ ಇಡುವಂತಿಲ್ಲವಾದ್ದರಿಂದ ಫೋಟೋದ ಒಂದು ಪ್ರತಿಯನ್ನು ಬೇರೆ ಲಕೋಟೆಯಲ್ಲಿಟ್ಟು, ಅಕ್ಷರಗಳ ಲೆಕ್ಕವನ್ನು ಬರೆದು, ವಿಮಾನದ ಟಪಾಲಿಗೆ ಹಾಕಿದರು.

ಹೋಗಲು ಹತ್ತು ದಿನ, ಬರಲು ಹತ್ತು ದಿನ. ಆಗಸ್ಟಿನಲ್ಲಿ ಪೋಸ್ಟ್‌ಮನ್ ಲಕ್ಕಯ್ಯ ನೀಲಿ ಕಾಗದವನ್ನು ದೂರದಿಂದಲೇ ಎತ್ತಿ ತೋರಿಸುತ್ತ ಬಂದ. ಲಕ್ಕಯ್ಯನೂ ಮೇಷ್ಟ್ರ ಶಿಷ್ಯನೇ; ಹೊಳೆನರಸೀಪುರದಲ್ಲಿ ಊರವರ ಗೊಣಗಾಟವನ್ನು ಲೆಕ್ಕಿಸದೆ ಅವನನ್ನು ಮೊದಲ ಬೆಂಚಿನಲ್ಲಿ ಕೂರಿಸಿದವರು ಅವರು. "ಕಿವಿ ಇಂಡಾಕೆ ಅತ್ತಿರ ಇರ್ಲಿ ಅಂತ ಕಣ್ರವ್ವ" ಎಂದು ಲಕ್ಕಯ್ಯ ಮೇಷ್ಟ್ರ ಹೆಂಡತಿ ಶಿವಗಂಗಮ್ಮನವರಿಗೆ ಹೇಳುವುದಿತ್ತು.

ಮೇಷ್ಟ್ರು ಕಾಗದವನ್ನು ಬಿಡಿಸಿ ಗಟ್ಟಿಯಾಗಿ ಓದಿದರು.

'ಪೂಜ್ಯ ತಾತನವರಿಗೆ ದಾಕ್ಷಾಯಣಿಯ ಶರಣು. ಅಡಿಬರಹ ಇದು:

ಚಂದ್ರಯ್ಯ ಮೇಷ್ಟ್ರು, ನುಗ್ಗೇಹಳ್ಳಿ. ಮೂವತ್ತೈದು ವರ್ಷ ಪಾಠ ಹೇಳಿದವರು.
ಎಂಬತ್ತು ತುಂಬಿದ ನೆನಪಿಗೆ, ೧೯೬೪.

ಮೊದಲ ಸಾಲಿಗೆ ಸರಿಯಾಗಿ ಇಪ್ಪತ್ತೆರಡು ಅಕ್ಷರ. ಕೈಯಲ್ಲಿ ಪುಸ್ತಕವಿದೆಯೆಂದು ಬರೆಯಲಿಲ್ಲ, ಅದು ಚಿತ್ರದಲ್ಲೇ ಕಾಣುತ್ತದೆ. ಎಂಬತ್ತು ತುಂಬಿದ ದಿನ ಎನ್ನಲಿಲ್ಲ, ಏಕೆಂದರೆ ಫೋಟೋ ತೆಗೆದದ್ದು ಜುಲೈನಲ್ಲಿ. ಅಂದು ತಮಗೆ ಎಂಬತ್ತು ತುಂಬಿರಲಿಲ್ಲ. ಹುಟ್ಟಿದ ಇಸವಿಯನ್ನೂ ಈಗಿನ ಇಸವಿಯನ್ನೂ ಪಕ್ಕಪಕ್ಕ ಬರೆದು ನಡುವೆ ಗೀಟು ಹಾಕಲು ಯಾರಿಗೂ ಬಿಡಬೇಡಿ. ನೋಡಿದವರು ಹಾರ ತಂದಾರು. ಹೊಗಳಿಕೆಯ ಒಂದು ಮಾತೂ ಇಲ್ಲ. ತಾವು ಕಲಿಸಿದ್ದು.'

ಬಸವರಾಜು ಮುಖ ಕಿವಿಚಿದ. "ಏನಪ್ಪ ಇದು? ನಮ್ಮ ಕೊಬ್ಬರಿ ಮೂಟೆ ಮೇಲೆ ಬರೆಯೋ ಹಂಗಿದೆ. ಹೆಸರು, ಊರು, ಇಸವಿ. ತೂಕ ಒಂದು ಹಾಕಿಲ್ಲ ನೋಡಿ."

"ಅತ್ಯುತ್ತಮವಾಗಿದೆ" ಎಂದರು ಮೇಷ್ಟ್ರು, ಯಾವುದೇ ಉತ್ಸಾಹವಿಲ್ಲದೆ. ತಪ್ಪು ಹುಡುಕಲು ಮತ್ತೆ ಓದಿದರು. ತಪ್ಪಿರಲಿಲ್ಲ. ತಮ್ಮ ಶಿಷ್ಯರಲ್ಲಿ ಒಬ್ಬರಾದರೂ ಹೀಗೆ ಬರೆಯಲೆಂದು ಮೂವತ್ತೈದು ವರ್ಷ ಕಾದಿದ್ದವರಿಗೆ ಆ ಫಲ ಈ ಹೊತ್ತಿನಲ್ಲಿ, ಈ ಮರದಿಂದ ಬಿದ್ದಿತ್ತು.

ಅವರು ಉತ್ತರ ಬರೆದರು. ಅಡಿಬರಹ ನಿರ್ದೋಷವಾಗಿದೆ ಎಂದು ಮೊದಲು ಹೇಳಿ, ಅನಂತರ 'ನಿನ್ನ ಮಾಹಿತಿಗಾಗಿ ಮಾತ್ರ' ಎಂಬ ಪೀಠಿಕೆಯೊಂದಿಗೆ ಗುರುಶಾಂತಪ್ಪನವರ ಪಟದ ಐದೂ ಬಿರುದುಗಳನ್ನು ಅದರಲ್ಲಿ ನಕಲು ಮಾಡಿದರು. ತಮ್ಮ ಪಟ ಅದರ ಪಕ್ಕದಲ್ಲೇ ಬರುವುದೆಂಬುದನ್ನೂ ತಿಳಿಸಿದರು.

ಸೆಪ್ಟೆಂಬರ್ ಮೊದಲ ವಾರದಲ್ಲಿ ಬಂದ ಉತ್ತರದಲ್ಲಿ ದಾಕ್ಷಾಯಣಿ ನಕ್ಕಿದ್ದಳು. 'ಅಡಿಬರಹ ಹೇಗಿರಬಾರದು ಎಂಬುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಎಲ್ಲಿಯೂ ಸಿಗದು. ನಮ್ಮ ಮೇಲಧಿಕಾರಿಣಿಗೆ ಅರ್ಥ ಹೇಳಿದೆ. ಮಲಗುವವರಿಗೆ ಸದಾಜಾಗೃತ ಎಂದದ್ದಕ್ಕೆ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ತಾವು ಈ ಎಚ್ಚರಿಕೆಯನ್ನು ಕೊಟ್ಟ ಮೇಲೆ ನನ್ನದನ್ನು ಮತ್ತೆ ಪರೀಕ್ಷಿಸಿದೆ. ನುಗ್ಗೇಹಳ್ಳಿ ಎಂಬುದೂ ಅನಾವಶ್ಯಕ, ಊರಿನಿಂದ ಹೆಮ್ಮೆಪಟ್ಟಂತಾಗುತ್ತದೆ. ತೆಗೆದಿದ್ದೇನೆ.'

ಮೇಷ್ಟ್ರು ಮತ್ತೊಂದು ಏರ್‌ಲೆಟರು ತರಿಸಿದರು. ಈ ಸಲ ಗುರುಶಾಂತಪ್ಪನವರ ಹೆಸರನ್ನು ಎತ್ತದೆ, ಶಾಸ್ತ್ರದ ದಾರಿ ಹಿಡಿದರು: 'ಪೂರ್ವಕವಿಗಳು ತಮ್ಮ ಗುರುಗಳನ್ನು ಸ್ತುತಿಸಿಯೇ ಕಾವ್ಯಾರಂಭ ಮಾಡುತ್ತಿದ್ದರು. ಅದನ್ನು ದೋಷವೆಂದು ಯಾವ ಲಾಕ್ಷಣಿಕನೂ ಹೇಳಿಲ್ಲ. ಇದೂ ಮಾಹಿತಿಗಾಗಿ ಮಾತ್ರ.'

ಅದಕ್ಕೆ ಉತ್ತರವಾಗಿ 'ಮೂವತ್ತೈದು ವರ್ಷ ಪಾಠ ಹೇಳಿದವರು' ಎಂಬುದೂ ಹೋಯಿತು. 'ಮೇಷ್ಟ್ರು ಎಂದ ಮೇಲೆ ಪಾಠ ಹೇಳಿದರೆಂದು ಬೇರೆ ಹೇಳಬೇಕೆ?' ಎಂದು ಅವಳು ಕೇಳಿದ್ದಳು. ಉಳಿದದ್ದು 'ಚಂದ್ರಯ್ಯ ಮೇಷ್ಟ್ರು. ಎಂಬತ್ತು ತುಂಬಿದ ನೆನಪಿಗೆ, ೧೯೬೪.' ಅಕ್ಷರ ಹದಿನೈದು, ಅಂಕಿ ನಾಲ್ಕು. ಇನ್ನೊಂದು ಕಾಗದ ಬರೆದರೆ 'ಮೇಷ್ಟ್ರು' ಎಂಬುದೂ ಉಳಿಯದೆಂದು ತಾತ ಬರೆಯುವುದನ್ನು ನಿಲ್ಲಿಸಿದರು.

ನಿಲ್ಲಿಸಿದರೇ ಹೊರತು ಮರೆಯಲಿಲ್ಲ. ಊಟಕ್ಕೆ ಕುಳಿತಾಗ, "ಗುರುಶಾಂತಪ್ಪನವರು ಒಂದು ರೀತಿಯಲ್ಲಿ ಪುಣ್ಯವಂತರು" ಎಂದರು.

"ಯಾಕಂತೆ?" ಎಂದರು ಶಿವಗಂಗಮ್ಮ, ಸಾರು ಬಡಿಸುತ್ತ.

"ಅವರಿಗೆ ಒಳ್ಳೆಯ ಶಿಷ್ಯರು ಸಿಗಲಿಲ್ಲ."

ಅರವತ್ತು ವರ್ಷ ಸಂಸಾರ ಮಾಡಿದ ಆಕೆಗೆ ಇಷ್ಟು ಸಾಕಾಯಿತು. ಮರುದಿನ ಬೆಳಗ್ಗೆ, ಗಂಡ ಪೂಜೆಗೆ ಕುಳಿತ ಹೊತ್ತನ್ನು ನೋಡಿಕೊಂಡು ಲಕ್ಕಯ್ಯನನ್ನು ಜಗಲಿಯ ಮೇಲೆ ಕೂರಿಸಿದರು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಪದಗಳನ್ನು ಕೊಯ್ಯುವವರ ಮನೆಯಲ್ಲಿ ಒಬ್ಬರಾದರೂ ಬಾಯಿ ತುಂಬ ಮಾತಾಡಬೇಕೆಂದೇ ತಾನು ಕಲಿಯಲಿಲ್ಲ ಎನ್ನುತ್ತಿದ್ದರು.

"ಬರ್ಕೊ ಲಕ್ಕಯ್ಯ. ದಾಕ್ಷಾಯಣಿ, ನಿನ್ನ ತಾತನಿಗೆ ಹೊಗಳಿಕೆ ಬೇಕಂತೆ ಕಣೆ. ಬಾಯ್ಬಿಟ್ಟು ಕೇಳಲ್ಲ. ಕೇಳಿದ್ರೆ ಕಿರೀಟ ಬಿದ್ದೋಯ್ತದೆ."

"ಕಿರೀಟ ಅಂತ ಬರೀಲಾ ಅವ್ವಾ?"

"ಬರಿ. ಆ ಗುರುಶಾಂತಪ್ಪನಿಗೆ ಐದು ಇದೆಯಂತೆ. ಇವರಿಗೆ ಆರೋ ಏಳೋ ಹಾಕು. ಸುಳ್ಳು ಹಾಕ್ಬೇಡ, ಕಂಡ್ಹಿಡಿದುಬಿಡ್ತಾರೆ. ನಿಜ ಇರೋದನ್ನೇ ಹುಡುಕಿ ಹಾಕು. ಸಿಗ್ತವೆ, ಎಂಬತ್ತು ವರ್ಷದಾಗೆ ಏಳು ಸಿಗಲ್ವಾ?"

"ಸಿಗ್ತವೆ ಬುಡ್ರವ್ವ" ಎಂದ ಲಕ್ಕಯ್ಯ, ಎಡಗಿವಿಯನ್ನು ಮುಟ್ಟಿಕೊಂಡು. "ಕಿವಿ ಇಚಾರ ಒಂದ್ಬುಟ್ಟು."

ಅಕ್ಟೋಬರ್ ಇಪ್ಪತ್ತೆಂಟರಂದು ನೀಲಿ ಕಾಗದ ಬಂತು. ಎಂಬತ್ತು ತುಂಬುವ ಸೋಮವಾರಕ್ಕೆ ಹನ್ನೆರಡೇ ದಿನ ಉಳಿದಿತ್ತು. ರಂಗಸ್ವಾಮಿಗೆ ಬರೆಯಲು, ಒಣಗಿಸಲು, ಕಟ್ಟು ಹಾಕಲು ಹತ್ತು ದಿನ ಬೇಕಿತ್ತು. ಮೇಷ್ಟ್ರು ಈ ಸಲ ಗಟ್ಟಿಯಾಗಿ ಓದಲಿಲ್ಲ. ಮನಸ್ಸಿನಲ್ಲೇ ಓದಿದರು, ಮತ್ತೆ ಮೇಲಿನಿಂದ ಓದಿದರು.

'ತಾತ, ನನ್ನದು ತಪ್ಪಾಯಿತು. ಕಾಣಿಸುವುದನ್ನು ಹೇಳಬಾರದೆಂಬುದು ಸರಿ. ಆದರೆ ಈ ಫೋಟೋದಲ್ಲಿ ತಾವು ಕಾಣಿಸುತ್ತಿಲ್ಲ. ಅಂಗವಸ್ತ್ರ, ಹೂದಾನಿ, ಸ್ಟುಡಿಯೋದವರ ಪುಸ್ತಕ ಇವಷ್ಟೇ ಕಾಣಿಸುತ್ತಿವೆ. ಆದ್ದರಿಂದ ನಾನು ಕಂಡದ್ದನ್ನು ಬರೆಯುತ್ತೇನೆ:

ಸದ್ಭಕ್ತ, ಸತ್ಯಸಂಧ, ನಿರಹಂಕಾರಿ, ನಿಷ್ಪಕ್ಷಪಾತಿ, ಶಿಷ್ಯವತ್ಸಲ, ಮಿತಭಾಷಿ, ವ್ಯಾಕರಣಕೋವಿದ ಚಂದ್ರಯ್ಯ ಮೇಷ್ಟ್ರು. ಎಂಬತ್ತು ತುಂಬಿದ ನೆನಪಿಗೆ, ೧೯೬೪.

ಒಟ್ಟು ಐವತ್ತೆರಡಾಯಿತು. ಇರುವುದು ನಲವತ್ತನಾಲ್ಕು. ಎಂಟು ಅಕ್ಷರ ಹೆಚ್ಚು. ಯಾವುದನ್ನು ಬಿಡಬೇಕೆಂದು ನನಗೆ ತೋಚಲಿಲ್ಲ. ತಾವೇ ತೆಗೆಯಿರಿ. ತೆಗೆದ ಹಾಳೆಯನ್ನು ನನಗೆ ಕಳುಹಿಸಿಕೊಡಿ. ನನ್ನ ತಪ್ಪನ್ನು ನೋಡುವ ಹಕ್ಕು ನನಗಿದೆ.'

ಏಳು! ಗುರುಶಾಂತಪ್ಪನವರಿಗಿಂತ ಎರಡು ಹೆಚ್ಚು. ಮೇಷ್ಟ್ರು ಅಂದು ಶಿವಪೂಜೆಯಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಕುಳಿತರು. ಪೂಜೆಯ ನಡುವೆ ತುಟಿಯಲ್ಲಿದ್ದದ್ದು ಶಿವನ ನಾಮಗಳೋ ತಮ್ಮವೋ ಎಂಬುದನ್ನು ಶಿವನೇ ಬಲ್ಲ. ಅವನು ಇಂಥವನ್ನು ಯುಗಯುಗಗಳಿಂದ ಕೇಳಿಸಿಕೊಂಡು ಸುಮ್ಮನಿರುವವನು.

"ನಾಳೆ ಹಾಸನಕ್ಕೆ ನಾನೇ ಹೋಗುತ್ತೇನೆ" ಎಂದರು.

"ನಾನ್ ಹೋಗ್ತೀನಿ ಬಿಡಪ್ಪ" ಎಂದ ಬಸವರಾಜು.

"ನೀನು ಅಕ್ಷರ ತಪ್ಪು ಹೇಳುತ್ತೀಯೆ."

ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ಊರು ಬಿಡುತ್ತಲೇ ಮೇಷ್ಟ್ರು ಕಾಗದವನ್ನು ತೊಡೆಯ ಮೇಲೆ ಹರಡಿ, ಪೆನ್ಸಿಲು ತೆಗೆದರು. ಎಂಟು ಅಕ್ಷರ ತಗ್ಗಿಸಬೇಕು. ಅಷ್ಟೇ ಕೆಲಸ.

'ವ್ಯಾಕರಣಕೋವಿದ' ಏಳು ಅಕ್ಷರ. ಎಲ್ಲಕ್ಕಿಂತ ಉದ್ದವಾದದ್ದು ಅದೇ. ಅದರ ಮೇಲೆ ಗೀಟು ಎಳೆದರು. ಉಳಿದದ್ದು ಒಂದೇ ಅಕ್ಷರದ ಹೆಚ್ಚುವರಿ. ಒಂದು ಅಕ್ಷರಕ್ಕಾಗಿ ಒಂದು ಪದವನ್ನೇ ಬಿಡಬೇಕಾಗಿ ಬಂದದ್ದು ನೋವಿನ ಸಂಗತಿ. ಆದರೆ 'ಮಿತಭಾಷಿ' ಎಂಬುದು ಏಳು ಹೊಗಳಿಕೆಗಳ ಸಾಲಿನಲ್ಲಿ ಆರನೆಯದಾಗಿ ನಿಂತಿದ್ದರೆ ಓದಿದವರು ನಗುವುದಿಲ್ಲವೆ? ಅದೂ ಹೋಯಿತು. ಈಗ ಲೆಕ್ಕ ನಲವತ್ತೊಂದು. ಎರಡು ಸಾಲಿಗೆ ಧಾರಾಳವಾಗಿ ಹಿಡಿಸುತ್ತದೆ. ಪೆನ್ಸಿಲನ್ನು ಜೇಬಿಗಿಡಬೇಕಾದದ್ದು ಇಲ್ಲಿಯೇ.

ಇಟ್ಟರು ಕೂಡ. ಆದರೆ ಉಳಿದವು ಐದು. ಗುರುಶಾಂತಪ್ಪನವರಿಗೂ ಐದು. ಪಕ್ಕಪಕ್ಕದ ಎರಡು ಪಟಗಳಲ್ಲಿ ಐದೈದು. ಯಾವುದು ಮಲಗಿದವರದು, ಯಾವುದು ಎಚ್ಚರವಿದ್ದವರದು ಎಂದು ನೋಡುವವರಿಗೆ ತಿಳಿಯುವುದು ಹೇಗೆ? ಅವರದು ಸುಳ್ಳು, ತಮ್ಮದು ನಿಜ, ಅದೊಂದೇ ವ್ಯತ್ಯಾಸ. ಹಾಗಿದ್ದರೆ ಪ್ರತಿಯೊಂದೂ ನಿಜವೆಂದು ಖಚಿತಪಡಿಸಿಕೊಳ್ಳಬೇಕು. ಪೆನ್ಸಿಲು ಮತ್ತೆ ಹೊರಬಂತು.

'ನಿರಹಂಕಾರಿ.' ತನ್ನ ಪಟದ ಕೆಳಗೆ ಆ ಪದವನ್ನು ಬರೆಸಲು ತಾನೇ ಬಸ್ಸು ಹತ್ತಿ ಹೊರಟವನು ಮತ್ತೇನಾದರೂ ಆಗಿರಬಹುದು, ಅದು ಮಾತ್ರ ಅಲ್ಲ. ಗೀಟು.

'ನಿಷ್ಪಕ್ಷಪಾತಿ' ಉಳಿಯಬಹುದಿತ್ತು. ಆದರೆ ಅರಕಲಗೂಡಿನಲ್ಲಿ, ಲೋವರ್ ಸೆಕೆಂಡರಿಯ ಅರೆವಾರ್ಷಿಕ ಪರೀಕ್ಷೆಯಲ್ಲಿ ಬಸವರಾಜು ಎಂಬ ವಿದ್ಯಾರ್ಥಿಗೆ ಎರಡು ಅಂಕ ಹೆಚ್ಚಿಗೆ ಬಿದ್ದಿತ್ತು. ಅದು ಶಿವಗಂಗಮ್ಮನಿಗೆ ಗೊತ್ತಿರಲಿಲ್ಲ, ಬಸವರಾಜುವಿಗೂ ಗೊತ್ತಿರಲಿಲ್ಲ. ಪೆನ್ಸಿಲಿಗೆ ಗೊತ್ತಿತ್ತು. ಬಸ್ಸು ಶಾಂತಿಗ್ರಾಮದಲ್ಲಿ ನಿಂತಿದ್ದಾಗ, ಜನ ಇಳಿದು ಹತ್ತುವ ಗಲಾಟೆಯಲ್ಲಿ, ಮೇಷ್ಟ್ರು ಆ ಪದವನ್ನು ತೆಗೆದರು.

'ಸತ್ಯಸಂಧ' ಎಂಬುದರ ಮುಂದೆ ಹೆಚ್ಚು ಹೊತ್ತು ಬೇಕಾಗಲಿಲ್ಲ. 'ಮಾಹಿತಿಗಾಗಿ ಮಾತ್ರ' ಎಂದು ಬರೆದ ಎರಡು ಕಾಗದಗಳು ಲೀಡ್ಸ್ ನಗರದಲ್ಲಿ ಇನ್ನೂ ಜೋಪಾನವಾಗಿದ್ದವು.

'ಶಿಷ್ಯವತ್ಸಲ' ಎಂಬಲ್ಲಿ ಕೈ ತಡೆಯಿತು. ಮೊದಲ ಬೆಂಚು ನೆನಪಾಯಿತು, ಜ್ವರದ ಹುಡುಗನ ಮನೆ ನೆನಪಾಯಿತು. ಒಡನೆಯೇ, ಆ ಮನೆಗೆ ತಾವು ಒಯ್ದದ್ದು ಹಣ್ಣನ್ನಲ್ಲ, ಹಾಳೆಯನ್ನು, ಎಂಬುದೂ ನೆನಪಾಯಿತು. ನಲವತ್ತು ದಾಟಿದ ಲಕ್ಕಯ್ಯ ತಮ್ಮೆದುರು ನಿಂತಾಗ ಈಗಲೂ ಎಡಗಿವಿಯನ್ನು ಮುಟ್ಟಿಕೊಳ್ಳುತ್ತಾನೆ. ವಾತ್ಸಲ್ಯವನ್ನು ಕುರಿತು ಆ ಕಿವಿ ಸಾಕ್ಷಿ ಹೇಳಲಾರದು. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಮೊದಲು ಅದೂ ಹೋಯಿತು.

ಉಳಿದದ್ದು 'ಸದ್ಭಕ್ತ' ಒಂದೇ. ಮೂರೇ ಅಕ್ಷರ. ಎಂಬತ್ತು ವರ್ಷದಲ್ಲಿ ಒಂದು ದಿನವೂ ಪೂಜೆ ತಪ್ಪಿಸದವನು ಮೂರು ಅಕ್ಷರವನ್ನು ಇಟ್ಟುಕೊಳ್ಳಬಾರದೇ? ಸ್ಟುಡಿಯೋದ ಮೆಟ್ಟಿಲು ಹತ್ತುವವರೆಗೂ ಅದು ಉಳಿದಿತ್ತು.

ರಂಗಸ್ವಾಮಿ ಕಾಗದವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. "ಏನ್ ಸಾ ಇದು, ಎಲ್ಲಾ ಕೆಂಪಾಗದೆ. ಸದ್ಭಕ್ತ ಚಂದ್ರಯ್ಯ ಮೇಷ್ಟ್ರು ಅಂತ ಬರೀಲಾ?"

ಮತ್ತೊಬ್ಬರ ಬಾಯಿಂದ ಅದು ಹೊರಬಿದ್ದಾಗ ಮೇಷ್ಟ್ರಿಗೆ ನಾಚಿಕೆಯಾಯಿತು. ಭಕ್ತನೆಂದು ಹೇಳಬೇಕಾದವನು ಶಿವನೊಬ್ಬನೇ. ಅವನು ಇನ್ನೂ ಹೇಳಿಲ್ಲ, ಅವನಿಗಿಂತ ಮೊದಲು ರಂಗಸ್ವಾಮಿ ಬಿಳಿಯ ಬಣ್ಣದಲ್ಲಿ ಹೇಳುವುದೆಂದರೇನು? ಕಾಗದವನ್ನು ಹಿಂದಕ್ಕೆ ಪಡೆದು, ಕೌಂಟರಿನ ಮೇಲಿಟ್ಟು, ಕೊನೆಯ ಗೀಟು ಎಳೆದರು.

ರಂಗಸ್ವಾಮಿ ಬೆರಳು ಮಡಿಸಿ ಎಣಿಸಿದ. "ಹದಿನೈದು ಅಕ್ಷರ, ನಾಲ್ಕು ಅಂಕಿ. ಒಂದೇ ಸಾಲು ಆಯ್ತದೆ. ಎರಡನೇ ಸಾಲಿನ ಜಾಗ ಖಾಲಿ ಬೀಳ್ತದೆ ಸಾ. ಒಂದು ಹೂಬಳ್ಳಿ ಎಳೀಲಾ?"

"ಬಳ್ಳಿಯೂ ಬೇಡ."

"ಆಗ್ಲಿ." ಅವನು ಕಾಗದವನ್ನು ಇನ್ನೊಮ್ಮೆ ನೋಡಿದ. "ಇಷ್ಟ್ ಚೆಂದಾಗಿ ಬರ್ದಿದ್ದನ್ನೆಲ್ಲ ಹೊಡೆದಾಕಿದ್ ಪುಣ್ಯಾತ್ಮ ಯಾರು ಸಾ?"

"ಮೇಷ್ಟ್ರು" ಎಂದರು ಚಂದ್ರಯ್ಯನವರು. "ಬಹಳ ಕಟ್ಟುನಿಟ್ಟಿನ ಮನುಷ್ಯ. ಅವರ ಮುಂದೆ ಏನೂ ನಡೆಯುವುದಿಲ್ಲ."

ಕಾರ್ತಿಕದ ಸೋಮವಾರ ಬಂತು. ಪೂಜೆಯಾಯಿತು, ಜಂಗಮರ ಊಟವಾಯಿತು. ಹೊಳೆನರಸೀಪುರದಿಂದ ಬಂದ ಹಳೆಯ ವಿದ್ಯಾರ್ಥಿಗಳು ಪಟವನ್ನು ಪಡಸಾಲೆಯ ಕುರ್ಚಿಯ ಮೇಲೆ ನಿಲ್ಲಿಸಿ ನೋಡಿದರು. ಕಪ್ಪು ರಟ್ಟಿನ ಮೇಲೆ ಒಂದೇ ಬಿಳಿಯ ಸಾಲು. ಅದರ ಕೆಳಗೆ ಎರಡನೆಯ ಸಾಲಿನ ಜಾಗ ಖಾಲಿ.

"ನೋಡ್ರಪ್ಪ, ಇದು ಅಂದ್ರೆ ನಿರಹಂಕಾರ!" ಎಂದರು ಅವರಲ್ಲಿ ಹಿರಿಯರು.

ಮೇಷ್ಟ್ರು ತಲೆ ತಗ್ಗಿಸಿದರು. ತಾವು ಶಾಂತಿಗ್ರಾಮಕ್ಕೆ ಮೊದಲೇ ಹೊಡೆದುಹಾಕಿದ್ದು ಹಿಂದೆಯೇ ನಡೆದುಕೊಂಡು ಬಂದು ಪಡಸಾಲೆಯಲ್ಲಿ ಕುಳಿತಿತ್ತು. ಜನ ಅದನ್ನೂ ವಿನಯವೆಂದೇ ತಿಳಿದರು.

ದಾಕ್ಷಾಯಣಿಗೆ ಅವರು ಬರೆದು, ಲಕ್ಕಯ್ಯನೆದುರು ಗಟ್ಟಿಯಾಗಿ ಓದಿ ಅಂಟಿಸಿದ ಕಾಗದ ಚಿಕ್ಕದು. 'ನಿನ್ನ ಕೊನೆಯ ಅಡಿಬರಹಕ್ಕೆ ಹತ್ತಕ್ಕೆ ಮೂರು ಅಂಕ. ಅತಿಯಾಯಿತು. ಮುಂದೆ ಎಚ್ಚರವಿರಲಿ. ತಿದ್ದಿದ ಹಾಳೆ ಬಸ್ಸಿನಲ್ಲಿ ಎಲ್ಲಿಯೋ ಬಿದ್ದುಹೋಯಿತು, ಕಳುಹಿಸಲಾಗಲಿಲ್ಲ.' ಮೂವತ್ತೈದು ವರ್ಷಗಳಲ್ಲಿ ಒಂದು ಹಾಳೆಯನ್ನೂ ಕಳೆದಿರದ ಮನುಷ್ಯ ಬರೆದದ್ದು ಇದು.

ಕಾರ್ತಿಕ ಕಳೆದ ಮೇಲೆ ಒಂದು ಬೆಳಗ್ಗೆ, ಗಂಡ ಪೇಟೆಗೆ ಹೋಗಿದ್ದಾಗ, ಶಿವಗಂಗಮ್ಮ ಪೂಜೆಯ ಪೆಟ್ಟಿಗೆಯನ್ನು ಒರೆಸುತ್ತಿದ್ದರು. ವಿಭೂತಿಯ ಗಟ್ಟಿಗಳ ಕೆಳಗೆ ನೀಲಿ ಕಾಗದವೊಂದು ನಾಲ್ಕು ಮಡಿಕೆಯಾಗಿ ಸಿಕ್ಕಿತು. ಮಡಿಕೆಗಳು ಸವೆದಿದ್ದವು, ದಿನವೂ ಬಿಡಿಸಿದ ಗುರುತು. ಬೀದಿಯಲ್ಲಿ ಬರುತ್ತಿದ್ದ ಲಕ್ಕಯ್ಯನನ್ನು ಕರೆದರು.

"ಇದೇನ್ ಬರ್ದಿದೆ ಓದೋ."

ಲಕ್ಕಯ್ಯ ಕಾಗದದ ಮೇಲೆ ಕಣ್ಣಾಡಿಸಿದ. "ನಮ್ ದಾಕ್ಷಾಯಣವ್ವಾರ್ದು. ಬಸ್ಸಿನಾಗೆ ಬಿದ್ದೋಯ್ತು ಅಂದಿದ್ರಲ್ಲ ಮೇಷ್ಟ್ರು, ಅದೇಯ."

"ಗೀಟು ಹಾಕಿರೋದನ್ನೂ ಓದು. ಅದನ್ನೇ ಮೊದಲು ಓದು."

ಅವನು ಓದಿದ. ಸದ್ಭಕ್ತ. ಸತ್ಯಸಂಧ. ನಿರಹಂಕಾರಿ. ಏಳೂ ಮುಗಿಯುವವರೆಗೆ ಆಕೆ ಒರೆಸುವ ಬಟ್ಟೆಯನ್ನು ಹಿಡಿದುಕೊಂಡೇ ಕೇಳಿದರು. ಓದಿ ಮುಗಿಸಿದವನು ಕಾಗದವನ್ನು ಕಣ್ಣಿನ ಹತ್ತಿರ ತಂದು, ಓರೆ ಮಾಡಿ, ಬೆಳಕಿನಲ್ಲಿ ತಿರುಗಿಸಿ ನೋಡಿದ.

"ಯಾಕೋ?"

"ಏನಿಲ್ಲ ಕಣ್ರವ್ವ. ನಮ್ ಕಾಂಪೋಜಿಸನ್ನು ಒಡೆದಾಕುವಾಗ ಮೇಷ್ಟ್ರು ಪೆನ್ಸಿಲ್ ಒತ್ತಿದ್ರೆ ಅಕ್ಷರ ಸತ್ತೇ ಓಗ್ತಿತ್ತು. ಅಡೀಲಿರೋ ಆಳೇಗೂ ಅಚ್ಚು ಬೀಳ್ತಿತ್ತು. ಇಲ್ ನೋಡಿ, ಗೀಟು ಎಂಗೆ ಎಳೆದವ್ರೆ. ದಾರದೆಳೆ ಇಟ್ಟಂಗೆ. ಒಂದಕ್ಷರಕ್ಕೂ ನೋವಾಗಿಲ್ಲ."

ಶಿವಗಂಗಮ್ಮ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು, ಇದ್ದ ಮಡಿಕೆಯಲ್ಲೇ ಮಡಿಸಿ, ವಿಭೂತಿಯ ಗಟ್ಟಿಗಳ ಕೆಳಗೆ ಇದ್ದ ಹಾಗೆಯೇ ಇಟ್ಟು, ಪೆಟ್ಟಿಗೆಯನ್ನು ಮುಚ್ಚಿದರು.